ಹೊಸ ಫೋನಿನಲ್ಲಿ ಗೇಮ್ 1ನೇ ಲೆವೆಲ್‌ನಿಂದ ಶುರುವಾಗಿದೆ, ಪ್ಲೇ ಗೇಮ್ಸ್ ಸೈನ್ ಇನ್ ಸರಿಯಾಗಿ ಆಗುತ್ತಿಲ್ಲ

ಪ್ರಶ್ನೆ: ಹಳೇ ಫೋನಿನ ಡಿಸ್‌ಪ್ಲೇ ಹೋಯ್ತು ಅಂತ ಹಾಸನದಲ್ಲಿ ಮಗನಿಗೆ ಹೊಸ ಆಂಡ್ರಾಯ್ಡ್ ಫೋನ್ ಕೊಡಿಸಿದೆ. ಅಂಗಡಿಯವರೇ ಜಿಮೇಲ್ ಎಲ್ಲಾ ಹಾಕಿ ಕೊಟ್ರು. ಈಗ ಅವನ ಗೇಮ್ 214ನೇ ಲೆವೆಲ್ ಬದಲು 1ರಿಂದ ಬರ್ತಿದೆ. ದುಡ್ಡು ಕೊಟ್ಟು ತಗೊಂಡ ನೋ ಆಡ್ಸ್, ಜೆಮ್ಸ್ ಎರಡೂ ಇಲ್ಲ. ಒಂದೊಂದ್ಸಲ ಸೈನ್ ಇನ್ ಫೇಲ್ ಅಂತಾನೂ ಬರುತ್ತೆ. ಏನ್ ಮಾಡೋದು?

ಉತ್ತರ:

ಮೊದಲು ಎರಡು ಕೆಲಸ. ಮಗ ಹೊಸ ಫೋನಿನಲ್ಲಿ ಆ ಗೇಮ್ ಆಡುವುದನ್ನು ಸದ್ಯಕ್ಕೆ ನಿಲ್ಲಿಸಲಿ. ಹಳೇ ಫೋನನ್ನು ರೀಸೆಟ್ ಮಾಡಿಸಬೇಡಿ, ಎಕ್ಸ್‌ಚೇಂಜಿಗೂ ಕೊಡಬೇಡಿ.

'ಅಂಗಡಿಯವರೇ ಜಿಮೇಲ್ ಹಾಕಿ ಕೊಟ್ರು' ಅಂದಿರಲ್ಲ, ಗಂಟು ಬಹುತೇಕ ಅಲ್ಲೇ ಇದೆ. ಹಳೇ ಪಾಸ್‌ವರ್ಡ್ ನೆನಪಿಲ್ಲ ಎಂದರೆ ಅಂಗಡಿಯ ಹುಡುಗರು ಎರಡು ನಿಮಿಷದಲ್ಲಿ ಹೊಸ ಜಿಮೇಲ್ ಮಾಡಿ ಫೋನ್ ಕೈಗೆ ಕೊಡುತ್ತಾರೆ. ವಾಟ್ಸಾಪ್ ನಂಬರಿನ ಮೇಲೆ ನಡೆಯುತ್ತದೆ, ಅದು ಬರುತ್ತದೆ. ಹಾಗಾಗಿ ಎಲ್ಲಾ ಸರಿ ಇದೆ ಅನ್ನಿಸುತ್ತದೆ. ಆದರೆ ಗೇಮ್‌ನಲ್ಲಿ ಆಟಗಾರ ಯಾರು ಎಂದು ಗುರುತಿಡುವ ಗೂಗಲ್‌ನ ಪ್ಲೇ ಗೇಮ್ಸ್ ಪ್ರೊಫೈಲ್‌ಗೆ ನಿಮ್ಮ ನಂಬರ್ ಗೊತ್ತಿಲ್ಲ, ಅದು ಇರುವುದು ಜಿಮೇಲ್ ಖಾತೆಯೊಳಗೆ. ಹೊಸ ಜಿಮೇಲ್ ಎಂದರೆ ಗೇಮಿನ ಲೆಕ್ಕದಲ್ಲಿ ಹೊಸ ಆಟಗಾರ.

ಇಲ್ಲಿ ಕಳೆದುಹೋದದ್ದು ಒಂದಲ್ಲ, ಮೂರು, ಮೂರೂ ಬೇರೆ ಬೇರೆ ಕಡೆ ಇವೆ. ಲೆವೆಲ್ ಇರುವುದು ಪ್ಲೇ ಗೇಮ್ಸ್ ಪ್ರೊಫೈಲ್‌ನಲ್ಲಿ ಅಥವಾ ಗೇಮ್ ಕಂಪನಿಯ ಸರ್ವರ್‌ನಲ್ಲಿ. ನೋ ಆಡ್ಸ್ ಥರದ್ದು ಒಂದೇ ಸಲ ಕೊಂಡು ಕಾಯಂ ಉಳಿಯುವ ಸಾಮಾನು. ಅದರ ದಾಖಲೆ ಪ್ಲೇ ಸ್ಟೋರ್‌ನಲ್ಲಿ, ದುಡ್ಡು ಕಟ್ಟಿದ ಖಾತೆಯ ಹೆಸರಿನಲ್ಲಿ ಇರುತ್ತದೆ. ಜೆಮ್ಸ್ ಖರ್ಚಾಗುವ ಸಾಮಾನು. ಅದನ್ನು ಗೇಮಿಗೆ ಒಪ್ಪಿಸಿದ ಮೇಲೆ ಪ್ಲೇ ಸ್ಟೋರ್ ಮತ್ತೆ ಕೊಡುವುದಿಲ್ಲ, ಎಷ್ಟು ಉಳಿದಿದೆ ಎಂಬ ಲೆಕ್ಕ ಗೇಮಿನ ಸೇವ್, ಅಂದರೆ ಉಳಿಸಿಟ್ಟ ಆಟದ ಜೊತೆಗೇ ಇರುತ್ತದೆ. ಆದ್ದರಿಂದ ನೋ ಆಡ್ಸ್ ಬಂದು ಜೆಮ್ಸ್ ಬರದೇ ಇರಬಹುದು, ಲೆವೆಲ್ ಬಂದು ನೋ ಆಡ್ಸ್ ಬರದೇ ಇರಬಹುದು. ಒಂದು ಬಂದ ತಕ್ಷಣ ಗೆದ್ದೆವು ಅಂದುಕೊಳ್ಳಬೇಡಿ.

ಹಳೇ ಖಾತೆ ಯಾವುದು ಎಂದು ಪತ್ತೆ ಮಾಡಲು ಯುಪಿಐ ಆ್ಯಪ್ ನೋಡಿ ಪ್ರಯೋಜನವಿಲ್ಲ, ಅದರಲ್ಲಿ ಜಿಮೇಲ್ ವಿಳಾಸ ಇರುವುದಿಲ್ಲ. ಮನೆಯಲ್ಲಿರುವ ಪ್ರತಿ ಜಿಮೇಲ್ ತೆರೆದು, ಹುಡುಕುವ ಜಾಗದಲ್ಲಿ `GPA` ಎಂದು ಹಾಕಿ. ಪ್ಲೇ ಸ್ಟೋರ್ ರಸೀದಿಯ ಆರ್ಡರ್ ನಂಬರ್ ಹೀಗೆ ಕಾಣುತ್ತದೆ:

```
GPA.1234-5678-9012-34567
```

ಗೇಮಿನ ಹೆಸರಿರುವ ರಸೀದಿ ಯಾವ ಜಿಮೇಲ್‌ಗೆ ಬಂದಿದೆಯೋ ಅದೇ ಖರೀದಿಯ ಖಾತೆ. ಇಲ್ಲವೆಂದರೆ ಪ್ಲೇ ಸ್ಟೋರ್ ತೆರೆದು ಮೇಲಿನ ಪ್ರೊಫೈಲ್ ಚಿತ್ರ ಒತ್ತಿ, Payments & subscriptions, ಅದರೊಳಗೆ Budget & history ನೋಡಿ. ಫೋನಿನಲ್ಲಿ ಎರಡು ಮೂರು ಖಾತೆ ಇದ್ದರೆ ಒಂದೊಂದನ್ನೂ ಬದಲಿಸಿ ನೋಡಬೇಕು. ಅಪ್ಪನ ಜಿಮೇಲ್‌ನಿಂದ ಖರೀದಿ, ಮಗನ ಜಿಮೇಲ್‌ನಲ್ಲಿ ಲೆವೆಲ್ ಎಂಬುದು ಮನೆಮನೆಯ ಕಥೆ. ಜಿಮೇಲ್ ವಿಳಾಸವೇ ಮರೆತಿದ್ದರೆ `accounts.google.com` ತೆರೆದು Forgot email? ಒತ್ತಿ. ಆ ಖಾತೆಗೆ ಕೊಟ್ಟಿದ್ದ ಫೋನ್ ನಂಬರ್ ಮತ್ತು ಹೆಸರು ಕೇಳುತ್ತದೆ. ಹೆಸರು ಖಾತೆ ಮಾಡುವಾಗ ಬರೆದಂತೆಯೇ ಇರಬೇಕು. ಅದನ್ನೂ ಅಂಗಡಿಯವರೇ ಬರೆದಿದ್ದರೆ ಇನಿಷಿಯಲ್ ಹಿಂದೆ ಮುಂದೆ ಮಾಡಿ ನೋಡಿ.

ಖಾತೆ ಸಿಕ್ಕಿತು ಅನ್ನಿ. ಅದನ್ನು ಹೊಸ ಫೋನಿಗೆ ಸೇರಿಸಿ. ಸೇರಿಸಿದ ಮಾತ್ರಕ್ಕೆ ಗೇಮ್ ಅದನ್ನು ಬಳಸುವುದಿಲ್ಲ, ಹೆಚ್ಚಿನವರು ಎಡವುವುದು ಇಲ್ಲೇ. ಗೇಮ್ ಮೊದಲ ಸಲ ತೆರೆದಾಗ ಹೊಸ ಜಿಮೇಲ್‌ಗೆ ಅಂಟಿಕೊಂಡಿದೆ, ಆ ಅಂಟು ಬಿಡಿಸಬೇಕು. Settings → Google → All services → Play Games ಒಳಗೆ ಹೋದರೆ ಯಾವ ಗೇಮಿಗೆ ಯಾವ ಖಾತೆ ಎಂದು ಬದಲಿಸುವ ಜಾಗ ಇದೆ. ಕೆಲವು ಫೋನ್‌ಗಳಲ್ಲಿ All services ಎಂಬ ಹಂತ ಇರುವುದಿಲ್ಲ. ಖಾತೆ ಬದಲಿಸುವ ಆ ಜಾಗದಲ್ಲಿ ಲೆವೆಲ್ ಇದ್ದ ಹಳೇ ಖಾತೆ ಆರಿಸಿ. ಆಮೇಲೆ ಗೇಮನ್ನು ಅನ್‌ಇನ್‌ಸ್ಟಾಲ್ ಮಾಡಿ, ಪ್ಲೇ ಸ್ಟೋರ್‌ನಲ್ಲಿ ಖರೀದಿಯ ಖಾತೆಗೆ ಬದಲಾಯಿಸಿಕೊಂಡು, ಅದೇ ಖಾತೆಯಿಂದ ಮತ್ತೆ ಇನ್‌ಸ್ಟಾಲ್ ಮಾಡಿ. ಹೊಸ ಫೋನಿನಲ್ಲಿ ಇರುವುದು ಬರೀ ಶುರುವಿನ ಲೆವೆಲ್‌ಗಳು ತಾನೇ, ಅನ್‌ಇನ್‌ಸ್ಟಾಲ್ ಮಾಡಿದರೆ ನಷ್ಟವಿಲ್ಲ. ಹಳೇ ಫೋನಿನಲ್ಲಿ ಮಾತ್ರ ಇದನ್ನು ಮಾಡಲೇಬೇಡಿ. ಅಲ್ಲಿ ಸೈನ್ ಇನ್ ಆಗದೆ ಗೆಸ್ಟ್ ಆಗಿ ಆಡುತ್ತಿದ್ದರೆ ಆ ಸೇವ್ ಬೇರೆಲ್ಲೂ ಇಲ್ಲದಿರಬಹುದು.

ಗೇಮ್ ತೆರೆಯುವಾಗ ಪರದೆಯ ಮೇಲ್ಭಾಗದಲ್ಲಿ ಪ್ಲೇ ಗೇಮ್ಸ್ ಹೆಸರಿನ ಪಟ್ಟಿ ಒಂದು ಕ್ಷಣ ಇಳಿದು ಹೋಗುತ್ತದೆ, ಕಣ್ಣಿಟ್ಟು ನೋಡಿ. ಹಳೇ ಆಟಗಾರನ ಹೆಸರು ಬಂದರೆ ಸರಿ. ಬೇರೆ ಹೆಸರು ಬಂದರೆ ಸೈನ್ ಇನ್ ಆಗಿದೆ, ಆದರೆ ತಪ್ಪು ಖಾತೆಗೆ.

ಆಮೇಲೆ ಗೇಮ್ 'ಯಾವ ಸೇವ್ ಇಟ್ಟುಕೊಳ್ಳಲಿ?' ಎಂದು ಕೇಳಬಹುದು, ಒಂದು ಕಡೆ 3ನೇ ಲೆವೆಲ್, ಇನ್ನೊಂದು ಕಡೆ 214. ಇಲ್ಲಿ ಕೈ ತಪ್ಪಿ ಫೋನಿನಲ್ಲಿರುವುದನ್ನು ಒತ್ತಿದರೆ ಆ ಚಿಕ್ಕ ಸೇವ್ ಕ್ಲೌಡ್‌ಗೆ ಹೋಗಿ ದೊಡ್ಡದರ ಮೇಲೆ ಕೂರುತ್ತದೆ. ಕೆಲವು ಗೇಮ್‌ಗಳು ಕೇಳದೆಯೇ ಕೊನೆಗೆ ಆಡಿದ್ದನ್ನು ಇಟ್ಟುಕೊಳ್ಳುತ್ತವೆ. ಮಗ ಆಡುವುದನ್ನು ನಿಲ್ಲಿಸಲಿ ಅಂದದ್ದು ಇದಕ್ಕೇ.

ಸೈನ್ ಇನ್ ಫೇಲ್ ಎಂಬ ಸಂದೇಶದ ವಿಚಾರ. ಪ್ಲೇ ಗೇಮ್ಸ್ ಬಳಸುವ ಇನ್ನೊಂದು ಗೇಮ್ ತೆರೆದು ನೋಡಿ. ಎಲ್ಲದರಲ್ಲೂ ಫೇಲ್ ಆದರೆ ತೊಂದರೆ ಫೋನಿನದು ಅಥವಾ ನೆಟ್‌ನದು. ಸಕಲೇಶಪುರದ ಕಡೆ ತೋಟದಲ್ಲಿ ಒಂದು ಗೆರೆ ಸಿಗ್ನಲ್‌ನಲ್ಲಿ ತೆರೆದರೆ ಗೇಮ್ ಕಾದು ಕಾದು ಗೆಸ್ಟ್ ಆಗಿ ಶುರುವಾಗಿಬಿಡಬಹುದು. ಮನೆಯ ವೈಫೈನಲ್ಲಿ ಮಾಡಿ. ದಿನಾಂಕ, ಸಮಯ ಆಟೋಮ್ಯಾಟಿಕ್ ಇರಲಿ. ಜಾಹೀರಾತು ತಡೆಯಲು Private DNS ಹಾಕಿದ್ದರೆ ತೆಗೆಯಿರಿ. ಅದಕ್ಕೂ ಬಗ್ಗದಿದ್ದರೆ Settings → Apps → Google Play Games → Storage ಒಳಗೆ ಕ್ಯಾಶೆ, ಆಮೇಲೆ ಡೇಟಾ ಅಳಿಸಿ. ಹೆಸರಿನಲ್ಲಿ ಹತ್ತಿರವಿರುವ Google Play services ಬೇರೆ. ಅದರ ಕ್ಯಾಶೆ ಮಾತ್ರ ಅಳಿಸಿ, ಡೇಟಾ ಅಳಿಸಿದರೆ ಟ್ಯಾಪ್ ಮಾಡಿ ಪಾವತಿಸಲು ಸೇರಿಸಿದ ಕಾರ್ಡ್‌ಗಳು ಹೋಗಬಹುದು.

ಒಂದೇ ಗೇಮ್‌ನಲ್ಲಿ ಫೇಲ್ ಆದರೆ ಆ ಗೇಮ್ ಎಲ್ಲಿಂದ ಬಂತು ಎಂದು ಮಗನನ್ನು ಕೇಳಿ. ವೆಬ್‌ಸೈಟಿನಿಂದ ಇಳಿಸಿದ, ಬೇರೆ ಯಾರೋ ತಿದ್ದಿದ ಮೋಡ್ ಎಪಿಕೆ ಆದರೆ ಅದು ಎಂದೂ ಸೈನ್ ಇನ್ ಆಗುವುದಿಲ್ಲ. ಗೇಮ್ ಮಾಡಿದವರು ತಮ್ಮ ಸಹಿಯ ಗುರುತನ್ನು ಗೂಗಲ್‌ನಲ್ಲಿ ನೋಂದಾಯಿಸಿರುತ್ತಾರೆ, ಬಿಚ್ಚಿ ಕಟ್ಟಿದ ಎಪಿಕೆಯ ಸಹಿ ಬೇರೆ. ಪರದೆಯಲ್ಲಿ `DEVELOPER_ERROR` ಅಥವಾ 10 ಎಂಬ ಸಂಖ್ಯೆ ಕಂಡರೆ ಹೆಚ್ಚುಕಡಿಮೆ ಇದೇ. ಆಗ ಕ್ಯಾಶೆ ಎಷ್ಟು ಸಲ ಅಳಿಸಿದರೂ ಪ್ರಯೋಜನವಿಲ್ಲ, ಪ್ಲೇ ಸ್ಟೋರ್‌ನಿಂದಲೇ ಹಾಕಬೇಕು.

ಇಷ್ಟೆಲ್ಲಾ ಆದರೂ ನೋ ಆಡ್ಸ್ ಬರದಿದ್ದರೆ ಗೇಮಿನ ಸೆಟ್ಟಿಂಗ್ಸ್‌ನಲ್ಲಿ Restore Purchases ಇದೆಯಾ ನೋಡಿ ಒತ್ತಿ. ಲೆವೆಲ್, ಜೆಮ್ಸ್ ಬರದಿದ್ದರೆ ಗೂಗಲ್‌ಗಿಂತ ಗೇಮ್ ಕಂಪನಿಗೆ ಬರೆಯುವುದು ಸರಿ. ಪ್ಲೇ ಸ್ಟೋರ್‌ನ ಗೇಮ್ ಪುಟದಲ್ಲೇ ಅವರ ಇಮೇಲ್ ಇರುತ್ತದೆ. ಖರೀದಿ ಮಾಡಿದ ಜಿಮೇಲ್‌ನಿಂದಲೇ ಬರೆಯಿರಿ. GPA ನಂಬರ್, ಖರೀದಿಯ ದಿನಾಂಕ, ಹಳೇ ಆಟಗಾರನ ಹೆಸರು, 214ನೇ ಲೆವೆಲ್ ಎಂಬ ಮಾಹಿತಿ, ಕೊನೆಗೆ ಹೊಸ ಫೋನಿನ ಗೇಮ್ ಸೆಟ್ಟಿಂಗ್ಸ್‌ನಲ್ಲಿ ಕಾಣುವ ಪ್ಲೇಯರ್ ಐಡಿ ಹಾಕಿ. ಹಳೇ ಸೇವನ್ನು ಅವರು ಕೂಡಿಸಬೇಕಾದದ್ದು ಈ ಐಡಿಗೇ, ಇದಿಲ್ಲದಿದ್ದರೆ ಮೊದಲ ಉತ್ತರದಲ್ಲಿ ಇದನ್ನೇ ಕೇಳುತ್ತಾರೆ. ಹಳೇ ಫೋನಿಗೆ ಡಿಸ್‌ಪ್ಲೇ ಹಾಕಿಸಿ ಆನ್ ಮಾಡಲು ಆದರೆ ಅದರಲ್ಲಿರುವ ಪ್ಲೇಯರ್ ಐಡಿಯ ಫೋಟೋ ತೆಗೆದು ಜೊತೆಗೆ ಕಳಿಸಿ.