ಅನುಬಂಧ ಖಾಲಿ ಬಿಟ್ಟು ಸಹಿ ಹಾಕಬೇಡಿ

ಪ್ರಶ್ನೆ: ಗೆಳೆಯರು ತಮ್ಮೊಳಗೆ ಖರ್ಚು ಹಂಚಿಕೊಳ್ಳಲು ಅನುಕೂಲವಾಗುವ ಆ್ಯಪ್ ಒಂದನ್ನು ಎರಡು ವರ್ಷದಿಂದ ರಜಾದಿನಗಳಲ್ಲಿ ಬರೆಯುತ್ತಿದ್ದೇನೆ. ಈಗ ಪೇಮೆಂಟ್ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆ. ನಾನು ಸೃಷ್ಟಿಸುವುದೆಲ್ಲ ಕಂಪನಿಯದು, ಎಲ್ಲ ಮಾಹಿತಿಯೂ ಗೋಪ್ಯ, ಬಿಟ್ಟ ಮೇಲೆ ಒಂದು ವರ್ಷ ಪ್ರತಿಸ್ಪರ್ಧಿಗಳ ಬಳಿ ಸೇರುವಂತಿಲ್ಲ ಎಂದು ಕರಾರಿನಲ್ಲಿದೆ. ‘ಎಲ್ಲರೂ ಸೈನ್ ಮಾಡ್ತಾರೆ’ ಅಂತಾರೆ ಎಚ್‌ಆರ್. ಮಾಡಲೇ?

ಉತ್ತರ: ಮೊದಲು ಕರಾರಿನ ಕೊನೆಯ ಪುಟಗಳನ್ನು ತೆರೆಯಿರಿ. ‘ಹಿಂದಿನ ಸೃಷ್ಟಿಗಳು’ ಎಂಬ ಅನುಬಂಧವೊಂದು ಅಲ್ಲಿ ಖಾಲಿ ಗೆರೆಗಳೊಂದಿಗೆ ಇರಬಹುದು. ಹೆಚ್ಚಿನವರು ಅದನ್ನು ಹಾಗೇ ಬಿಟ್ಟು ಸಹಿ ಹಾಕುತ್ತಾರೆ. ಆದರೆ ‘ಏನೂ ನಮೂದಿಸದಿದ್ದರೆ ನಿಮ್ಮದೆಂಬುದು ಏನೂ ಇಲ್ಲ ಎಂದರ್ಥ’ ಎಂಬ ಸಾಲು ಕರಾರಿನ ನಡುವೆ ಎಲ್ಲೋ ಅಡಗಿರುತ್ತದೆ. ನಿಮ್ಮ ಆ್ಯಪ್‌ನ ಹೆಸರು, ಶುರುವಾದ ತಿಂಗಳು, ಅದು ಮಾಡುವ ಕೆಲಸ, ಕೋಡ್ ಇರುವ ಜಾಗ, ಇಷ್ಟನ್ನು ಅಲ್ಲಿ ಬರೆಯಿರಿ. ಒಳಗಿನ ಗುಟ್ಟು ಬರೆಯಬೇಕಿಲ್ಲ, ಗುರುತು ಸಿಕ್ಕರೆ ಸಾಕು. ಅನುಬಂಧವೇ ಇಲ್ಲದಿದ್ದರೆ ಸೇರಿಸಲು ಕೇಳಿ.

ಇದರಿಂದ ಉಳಿಯುವುದು ಇಂದಿನವರೆಗಿನ ಆ್ಯಪ್ ಮಾತ್ರ. ಸೇರಿದ ಮೇಲೆ ನೀವು ಬರೆಯುವ ಮುಂದಿನ ಆವೃತ್ತಿಯ ಗತಿಯನ್ನು ಬೌದ್ಧಿಕ ಆಸ್ತಿಯ ಕಲಮು ನಿರ್ಧರಿಸುತ್ತದೆ. ಅದರಲ್ಲಿ ‘ಕೆಲಸದ ಅವಧಿಯಲ್ಲಿ’ ಎಂಬ ಮಾತಿಗೆ ಬೆರಳಿಟ್ಟು ನಿಲ್ಲಿ. ಅದು ಕಚೇರಿ ವೇಳೆಯೋ, ಅಥವಾ ನೀವು ನೌಕರಿಯಲ್ಲಿರುವಷ್ಟೂ ದಿನಗಳ ಹಗಲು ರಾತ್ರಿಯೋ? ಸಾಮಾನ್ಯವಾಗಿ ಎರಡನೆಯದೇ. ಕ್ಯಾಲಿಫೋರ್ನಿಯಾದ ಕಾರ್ಮಿಕ ಸಂಹಿತೆಯ 2870ನೇ ಸೆಕ್ಷನ್ ಪ್ರಕಾರ, ಸ್ವಂತ ಸಮಯದಲ್ಲಿ, ಕಂಪನಿಯ ಸಲಕರಣೆ ಅಥವಾ ರಹಸ್ಯ ಮಾಹಿತಿ ಬಳಸದೆ ಮಾಡಿದ್ದು ನೌಕರನದೇ. ಆದರೆ ಅದು ಕಂಪನಿಯ ವ್ಯವಹಾರಕ್ಕೆ ಸಂಬಂಧಿಸಿದ್ದರೆ ಈ ರಕ್ಷಣೆ ಸಿಗುವುದಿಲ್ಲ. ನಿಮ್ಮ ತೊಡಕು ಇರುವುದೇ ಇಲ್ಲಿ. ಖರ್ಚು ಹಂಚುವುದಕ್ಕೂ ಹಣ ಪಾವತಿಗೂ ಸಂಬಂಧವಿಲ್ಲ ಎಂದು ನೀವು ವಾದಿಸಬಹುದು, ಇದೆ ಎಂದು ಅವರೂ ವಾದಿಸಬಹುದು. ಆ ವಾದ ಹುಟ್ಟುವ ಮೊದಲೇ ‘ಅನುಬಂಧದಲ್ಲಿರುವ ಆ್ಯಪ್ ಮತ್ತು ಅದರ ಮುಂದಿನ ಸುಧಾರಣೆಗಳು ನೌಕರನವು’ ಎಂಬ ಒಂದು ವಾಕ್ಯವನ್ನು ಲಿಖಿತವಾಗಿ ಪಡೆಯಿರಿ. ‘ಪರವಾಗಿಲ್ಲ ಬಿಡಿ’ ಎಂದು ಮ್ಯಾನೇಜರ್ ಬಾಯಲ್ಲಿ ಹೇಳಿದ್ದು ಅವರು ಕೆಲಸ ಬಿಟ್ಟ ದಿನವೇ ಮುಗಿಯಿತು.

ಕ್ರಿಯಾಪದದ ಮೇಲೂ ಕಣ್ಣಿರಲಿ. ‘ವರ್ಗಾಯಿಸಲು ಒಪ್ಪುತ್ತೇನೆ’ ಎಂಬುದು ಮುಂದಿನ ಮಾತು. ‘ಈ ಮೂಲಕ ವರ್ಗಾಯಿಸಿದ್ದೇನೆ’ ಎಂದರೆ ಹಕ್ಕು ಆಗಲೇ ಕೈದಾಟಿದ ಹಾಗೆ. ಅಮೆರಿಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ತಮ್ಮ ಸಂಸ್ಥೆಗೆ ಮೊದಲ ರೀತಿಯ ಮಾತು ಕೊಟ್ಟಿದ್ದರು. ಆಮೇಲೆ ಸೀಟಸ್ ಎಂಬ ಕಂಪನಿಗೆ ಒಂದು ವಿಧಾನ ಕಲಿಯಲು ಹೋದಾಗ ಎರಡನೆಯ ರೀತಿಯ ಕಾಗದಕ್ಕೆ ಸಹಿ ಹಾಕಿದರು. ಎಚ್‌ಐವಿ ಪರೀಕ್ಷೆಯ ಪೇಟೆಂಟ್ ಕುರಿತ ಜಗಳದಲ್ಲಿ, 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಎರಡನೆಯ ಸಹಿಗೇ ಬೆಲೆ ಕೊಟ್ಟಿತು. 2011ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸ್ಟ್ಯಾನ್‌ಫರ್ಡ್ ಸೋತಿತು.

ಗೋಪ್ಯತೆಯ ಕಲಮಿಗೆ ನಾನು ಸಾಮಾನ್ಯವಾಗಿ ತಕರಾರು ತೆಗೆಯುವುದಿಲ್ಲ, ನ್ಯಾಯಾಲಯಗಳೂ ಅದನ್ನು ಗಂಭೀರವಾಗಿ ಪರಿಗಣಿಸುತ್ತವೆ. ಅದರೊಳಗೆ ವಿನಾಯಿತಿಗಳಿವೆಯೇ ಎಂದಷ್ಟೇ ನೋಡಿ: ಈಗಾಗಲೇ ಬಹಿರಂಗವಾದದ್ದು, ನಿಮಗೆ ಮೊದಲೇ ತಿಳಿದಿದ್ದದ್ದು, ಕಾನೂನು ಕೇಳಿದಾಗ ಹೇಳಲೇಬೇಕಾದದ್ದು. ‘ಎಲ್ಲ ಮಾಹಿತಿಯೂ’ ಎಂದಿದ್ದು ಈ ವಿನಾಯಿತಿಗಳಿಲ್ಲದಿದ್ದರೆ, ಎರಡು ವರ್ಷದಲ್ಲಿ ನೀವೇ ಕಲಿತ ವಿದ್ಯೆ ಯಾರದು ಎಂಬ ಪ್ರಶ್ನೆ ಏಳುತ್ತದೆ.

ನೀವು ಹೆಚ್ಚು ಹೆದರಿರುವುದು ಒಂದು ವರ್ಷದ ನಿರ್ಬಂಧಕ್ಕೆ ಎಂದು ಕಾಣುತ್ತದೆ. ನನ್ನ ಲೆಕ್ಕದಲ್ಲಿ ಮೂರರಲ್ಲಿ ಅದೇ ಸಡಿಲು. ಭಾರತದ 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ವೃತ್ತಿಗೆ ತಡೆಯೊಡ್ಡುವ ಒಪ್ಪಂದವನ್ನು ಅನೂರ್ಜಿತ ಎನ್ನುತ್ತದೆ. ಹಾಗಾಗಿ ನೌಕರಿ ಬಿಟ್ಟ ಮೇಲಿನ ಇಂಥ ನಿರ್ಬಂಧ ಅಲ್ಲಿ ಸಾಮಾನ್ಯವಾಗಿ ನಿಲ್ಲುವುದಿಲ್ಲ, ನೌಕರಿಯಲ್ಲಿದ್ದಾಗಿನದು ನಿಲ್ಲುತ್ತದೆ. ಕ್ಯಾಲಿಫೋರ್ನಿಯಾದ ನಿಲುವೂ ಹೆಚ್ಚುಕಡಿಮೆ ಹೀಗೇ. ಇಂಗ್ಲೆಂಡಿನಲ್ಲಿ ಮಾತ್ರ ಅವಧಿ ಮತ್ತು ವ್ಯಾಪ್ತಿ ನ್ಯಾಯಸಮ್ಮತವಾಗಿದ್ದರೆ ಜಾರಿಯಾಗುತ್ತದೆ. ಆದ್ದರಿಂದ ‘ಯಾವ ದೇಶದ ಕಾನೂನು ಅನ್ವಯ’ ಎಂಬ ಸಾಲನ್ನು ಹುಡುಕಿ. ನೌಕರಿಯಲ್ಲಿದ್ದಾಗ ‘ಬೇರೆ ಯಾವ ವ್ಯವಹಾರವನ್ನೂ ನಡೆಸುವಂತಿಲ್ಲ’ ಎಂದಿದ್ದರೆ, ನಿಮ್ಮ ಆ್ಯಪ್‌ನಿಂದ ಹಣ ಬರಲಾರಂಭಿಸಿದ ದಿನ ಅದು ನಿಮ್ಮನ್ನು ತಟ್ಟುತ್ತದೆ.

ಇಂದೇ ಎಚ್‌ಆರ್‌ಗೆ ಇಮೇಲ್ ಮಾಡಿ: ತುಂಬಿದ ಅನುಬಂಧ, ಆ ಒಂದು ವಾಕ್ಯ, ಎರಡು ದಿನದ ಕಾಲಾವಕಾಶ. ಅವರು ಆ ವಾಕ್ಯಕ್ಕೆ ಒಪ್ಪದಿದ್ದರೂ ಕೆಲಸ ಬೇಕೇ ಬೇಕೆಂದಿದ್ದರೆ, ಇಂದಿನ ಕೋಡ್‌ನ ಪ್ರತಿಗೆ ದಿನಾಂಕ ಹಾಕಿ ತೆಗೆದಿಟ್ಟು, ಅಲ್ಲಿರುವಷ್ಟು ದಿನ ಆ್ಯಪ್ ಮುಟ್ಟಬೇಡಿ. ಒಪ್ಪಿದರೂ ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ ಅದನ್ನು ತೆರೆಯಬೇಡಿ, ಅದರ ತುಣುಕನ್ನು ಕಂಪನಿಯ ಕೋಡ್‌ಗೆ ಸೇರಿಸಲೂಬೇಡಿ. ಹಾಗೆ ಸೇರಿದ ತುಣುಕನ್ನು ಕಂಪನಿ ಶಾಶ್ವತವಾಗಿ, ಬಿಟ್ಟಿಯಾಗಿ ಬಳಸಬಹುದು ಎಂಬ ಸಾಲು ಅದೇ ಕಲಮಿನ ಕೊನೆಯಲ್ಲಿ ಇರುವುದುಂಟು.