ರಕ್ತದ ರಿಪೋರ್ಟಿನ ಮೂರು ಸಂಕ್ಷಿಪ್ತ ಹೆಸರುಗಳು

ಓದುಗರ ಪತ್ರ: “ನಮ್ಮ ಮನೆಯವರಿಗೆ 46 ವರ್ಷ. ಸುಸ್ತು ಎಂದು ರಕ್ತ ಪರೀಕ್ಷೆ ಮಾಡಿಸಿದೆವು. ಸಿಬಿಸಿಯಲ್ಲಿ ಹಿಮೋಗ್ಲೋಬಿನ್ 9.2, ಎಂಸಿವಿ 71, ಇಎಸ್‌ಆರ್ 44, ಎಲ್‌ಡಿಎಲ್ 138. ಮೂರು ಕಡೆ ದಪ್ಪಕ್ಷರದ ಗುರುತು ಬಿದ್ದಿದೆ. ಮೂರು ಬೇರೆ ಬೇರೆ ರೋಗಗಳೇ? ಇವು ಏನನ್ನು ಅಳೆಯುತ್ತವೆ?” — ಓದುಗರೊಬ್ಬರು, ರಾಣೆಬೆನ್ನೂರು

ಸಂಪಾದಕರ ಉತ್ತರ:

ಮಾನ್ಯರೇ, ದಪ್ಪಕ್ಷರದ ಗುರುತು ರೋಗದ ಹೆಸರಲ್ಲ; ಅಂಕಿಯು ಆ ಲ್ಯಾಬಿನವರು ಇಟ್ಟುಕೊಂಡ ಮಿತಿಯ ಆಚೆ ಇದೆ ಎಂದಷ್ಟೇ ಅದು ಹೇಳುತ್ತದೆ. ನೀವು ಬರೆದ ಅಂಕಿಗಳಲ್ಲಿ ಕೆಲವನ್ನು ಯಂತ್ರ ಅಳೆದಿದೆ, ಒಂದನ್ನು ಕೊಳವೆಯಲ್ಲಿ ನೋಡಿ ಬರೆದುಕೊಂಡಿದ್ದಾರೆ, ಇನ್ನೊಂದು ಬಹುಮಟ್ಟಿಗೆ ಲೆಕ್ಕ ಹಾಕಿ ಬಂದದ್ದು.

ಸಿಬಿಸಿ ಎಂದರೆ ರಕ್ತಕಣಗಳ ಪೂರ್ಣ ಎಣಿಕೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಹೆಪ್ಪುಗಟ್ಟದಂತೆ ಇಟ್ಟ ರಕ್ತವನ್ನು ಯಂತ್ರವು ಸೂಕ್ಷ್ಮ ರಂಧ್ರವೊಂದರ ಮೂಲಕ ಹರಿಸಿ, ಹಾದುಹೋಗುವ ಕಣಗಳನ್ನು ಎಣಿಸಿ, ಅವುಗಳ ಗಾತ್ರವನ್ನೂ ಗುರುತಿಸುತ್ತದೆ. ಕೆಂಪುಕಣದ ಸರಾಸರಿ ಗಾತ್ರವೇ ಎಂಸಿವಿ; ವಯಸ್ಕರಲ್ಲಿ ಅದು ಸಾಮಾನ್ಯವಾಗಿ 80ರಿಂದ 100ರೊಳಗೆ ಇರುತ್ತದೆ. ಗರ್ಭಿಣಿಯಲ್ಲದ ಮಹಿಳೆಯಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತಾರೆ. ಹಿಮೋಗ್ಲೋಬಿನ್ ತಗ್ಗಿರುವುದರ ಜೊತೆಗೆ ಕಣಗಳೂ ಸಣ್ಣದಾಗಿದ್ದರೆ ಮೊದಲು ನೆನಪಾಗುವುದು ಕಬ್ಬಿಣದ ಕೊರತೆ. ಈ ವಯಸ್ಸಿನಲ್ಲಿ ಮುಟ್ಟಿನ ಅತಿಯಾದ ರಕ್ತಸ್ರಾವ ಅದಕ್ಕೆ ಸಾಮಾನ್ಯ ಕಾರಣವಾದ್ದರಿಂದ, ಆ ವಿಷಯವನ್ನು ಸಂಕೋಚವಿಲ್ಲದೆ ವೈದ್ಯರಿಗೆ ಹೇಳಬೇಕು. ಹುಟ್ಟಿನಿಂದಲೇ ಬರುವ ಥಲಸೀಮಿಯಾ ಎಂಬ ರಕ್ತದೋಷದ ವಾಹಕರಲ್ಲಿಯೂ ಕಣಗಳು ಸಣ್ಣದಾಗಿರುತ್ತವೆ. ಆದ್ದರಿಂದ ಸಿಬಿಸಿಯೊಂದನ್ನೇ ನಂಬಿ ತಿಂಗಳುಗಟ್ಟಲೆ ಕಬ್ಬಿಣದ ಗುಳಿಗೆ ನುಂಗುವುದು ಸರಿಯಲ್ಲ.

ಇಎಸ್‌ಆರ್ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಜನ ಹೆಚ್ಚು ಗಾಬರಿಯಾಗುವುದು ಇದಕ್ಕೇ. ವೆಸ್ಟರ್‌ಗ್ರೆನ್ ವಿಧಾನದಲ್ಲಿ ರಕ್ತ ತುಂಬಿದ ಸಣ್ಣ ಗಾಜಿನ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪುಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದವು ಎಂದು ನೋಡುತ್ತಾರೆ. ದೇಹದಲ್ಲಿ ಸೋಂಕು ಅಥವಾ ಉರಿಯೂತ ಇದ್ದಾಗ ರಕ್ತದಲ್ಲಿ ಫೈಬ್ರಿನೋಜೆನ್ ಎಂಬ ಪ್ರೋಟೀನು ಹೆಚ್ಚಿ, ಕಣಗಳು ನಾಣ್ಯ ಪೇರಿಸಿದಂತೆ ಒಂದಕ್ಕೊಂದು ಅಂಟಿಕೊಂಡು ಬೇಗ ಇಳಿಯುತ್ತವೆ. ಆದರೆ ಬೇಗ ಇಳಿಯಲು ಅದೊಂದೇ ಕಾರಣವಲ್ಲ. ರಕ್ತಹೀನತೆಯಲ್ಲಿ ಕಣಗಳ ಸಂಖ್ಯೆಯೇ ಕಡಿಮೆಯಿರುವುದರಿಂದ ಇಳಿಯುವ ಕಣಗಳಿಗೆ ತಡೆ ಕಡಿಮೆಯಾಗಿ, ಸೋಂಕಿಲ್ಲದಿದ್ದರೂ ಇಎಸ್‌ಆರ್ ಏರಬಹುದು. ವಯಸ್ಸಿನೊಂದಿಗೂ ಅದು ಏರುತ್ತದೆ: ಮಹಿಳೆಯರಲ್ಲಿ ವಯಸ್ಸಿಗೆ ಹತ್ತು ಕೂಡಿಸಿ ಎರಡರಿಂದ ಭಾಗಿಸಿದರೆ ಸ್ಥೂಲವಾದ ಮೇಲ್ಮಿತಿ ಸಿಗುತ್ತದೆ. ನಿಮ್ಮ ಮನೆಯವರಿಗೆ ಅದು 28. ಹಾಗಾಗಿ 44 ಹೆಚ್ಚೇ ಹೌದು. ಆದರೆ ಹಿಮೋಗ್ಲೋಬಿನ್ 9.2 ಇರುವಾಗ ಅದನ್ನು ಬೇರೆ ರೋಗದ ಸಾಕ್ಷಿಯೆಂದು ಒಮ್ಮೆಲೇ ಎಣಿಸುವಂತಿಲ್ಲ. ಕೊಳವೆ ಕೊಂಚ ವಾಲಿದರೂ, ಕೋಣೆಯಲ್ಲಿ ಏಪ್ರಿಲ್ ತಿಂಗಳ ಸೆಖೆಯಿದ್ದರೂ ಅಂಕಿ ಏರುತ್ತದೆ. ಊರಿನಲ್ಲಿ ತೆಗೆದ ರಕ್ತವನ್ನು ಹುಬ್ಬಳ್ಳಿಗೆ ಕಳಿಸಿ, ಅದು ಅಲ್ಲಿ ತಲುಪುವಷ್ಟರಲ್ಲಿ ಬಹಳ ಹೊತ್ತಾದರೆ, ಇದಕ್ಕೆ ವಿರುದ್ಧವಾಗಿ ಇಎಸ್‌ಆರ್ ತಗ್ಗಿ ಕಾಣುತ್ತದೆ. ಆದ್ದರಿಂದ ರಕ್ತ ತೆಗೆದ ವೇಳೆ ಮತ್ತು ಪರೀಕ್ಷೆ ಮಾಡಿದ ವೇಳೆ ಎರಡೂ ರಿಪೋರ್ಟಿನಲ್ಲಿ ಇವೆಯೇ ಎಂದು ನೋಡಿಕೊಳ್ಳಿ.

ಎಲ್‌ಡಿಎಲ್ ಎಂದರೆ ರಕ್ತನಾಳದ ಗೋಡೆಯಲ್ಲಿ ಸೇರಿಕೊಳ್ಳುವ ಕಣಗಳು ಹೊತ್ತೊಯ್ಯುವ ಕೊಲೆಸ್ಟರಾಲ್. ಅನೇಕ ಲ್ಯಾಬುಗಳು ಇದನ್ನು ನೇರವಾಗಿ ಅಳೆಯದೆ, 1972ರಿಂದ ಬಳಕೆಯಲ್ಲಿರುವ ಫ್ರೀಡ್‌ವಾಲ್ಡ್ ಸೂತ್ರದಿಂದ ಲೆಕ್ಕ ಹಾಕುತ್ತವೆ: ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲ್ ಎಂಬ ಇನ್ನೊಂದು ಬಗೆಯ ಕೊಲೆಸ್ಟರಾಲನ್ನೂ, ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ಐದನೆಯ ಒಂದು ಭಾಗವನ್ನೂ ಕಳೆಯುತ್ತಾರೆ. ಉದಾಹರಣೆಗೆ ಒಟ್ಟು 212, ಎಚ್‌ಡಿಎಲ್ 42, ಟ್ರೈಗ್ಲಿಸರೈಡ್ 160 ಇದ್ದರೆ, 212ರಿಂದ 42 ಮತ್ತು 32 ಕಳೆದು 138 ಬರುತ್ತದೆ. ಅದೇ ವ್ಯಕ್ತಿ ಬೆಳಿಗ್ಗೆ ಗಿರ್ಮಿಟ್ಟು, ಮಿರ್ಚಿ ತಿಂದು ರಕ್ತ ಕೊಟ್ಟು ಟ್ರೈಗ್ಲಿಸರೈಡ್ 210ಕ್ಕೆ ಏರಿದ್ದರೆ, ಉಳಿದ ಎರಡು ಅಂಕಿ ಬದಲಾಗದಿದ್ದರೂ ಎಲ್‌ಡಿಎಲ್ 128 ಎಂದು ಅಚ್ಚಾಗುತ್ತಿತ್ತು. ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರ ನಡೆಯುವುದೇ ಇಲ್ಲ. ಇನ್ನು 138 ಎಷ್ಟರಮಟ್ಟಿಗೆ ಹೆಚ್ಚು ಎಂಬುದು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮನೆತನದಲ್ಲಿ ಹೃದಯಾಘಾತ ಇವುಗಳನ್ನು ನೋಡಿ ತೀರ್ಮಾನವಾಗಬೇಕಾದ ಮಾತು. ಅವರ ಸುಸ್ತಿಗೂ ಈ ಅಂಕಿಗೂ ಸಂಬಂಧವಿಲ್ಲ.

ಮುಂದೆ ವೈದ್ಯರನ್ನು ಕಂಡಾಗ ಫೆರಿಟಿನ್ ಪರೀಕ್ಷೆಯ ಬಗ್ಗೆ ಕೇಳಿರಿ. ಅದು ದೇಹದಲ್ಲಿ ಕೂಡಿಟ್ಟ ಕಬ್ಬಿಣವನ್ನು ಸೂಚಿಸುತ್ತದೆ. ಉರಿಯೂತವಿದ್ದರೆ ಫೆರಿಟಿನ್ ತಾನೂ ಏರಿ ಕೊರತೆಯನ್ನು ಮರೆಮಾಚುವುದುಂಟು. ಆದ್ದರಿಂದ ಜೊತೆಯಲ್ಲಿ ಉರಿಯೂತವನ್ನು ಸೂಚಿಸುವ ಸಿಆರ್‌ಪಿ ಪರೀಕ್ಷೆ ಮಾಡಿಸುವುದು ಉಪಯುಕ್ತ: ಸಿಆರ್‌ಪಿ ಸಾಮಾನ್ಯವಾಗಿದ್ದು ಫೆರಿಟಿನ್ ತಗ್ಗಿದ್ದರೆ, ಇಎಸ್‌ಆರ್ ಏರಿದ್ದಕ್ಕೆ ರಕ್ತಹೀನತೆಯೇ ಕಾರಣವಿರಬಹುದು ಎನ್ನಲು ಆಧಾರ ಸಿಗುತ್ತದೆ, ಹಿಮೋಗ್ಲೋಬಿನ್ ಸುಧಾರಿಸಿದ ಮೇಲೆ ಇಎಸ್‌ಆರ್ ಅನ್ನು ಮತ್ತೊಮ್ಮೆ, ಸಾಧ್ಯವಾದರೆ ಅದೇ ಲ್ಯಾಬಿನಲ್ಲಿ, ಮಾಡಿಸಬಹುದು.