ಹೊಗಳಿಕೆಯ ನಂತರ ಬಿಟ್ಟ ಊಟ

ಮಗುವಿನ ಮೈಕಟ್ಟನ್ನು ಹೀಯಾಳಿಸಬಾರದು ಎಂದರೆ ಪೋಷಕರೆಲ್ಲ ತಲೆಯಾಡಿಸುತ್ತಾರೆ. ಹೊಗಳುವುದನ್ನೂ ನಿಲ್ಲಿಸಿ ಎಂದಾಗ ಮಾತ್ರ ವಾದಕ್ಕೆ ಬರುತ್ತಾರೆ. ಈ ವಾದ ನನ್ನ ಸಮಾಲೋಚನೆಯ ಕೊಠಡಿಯಲ್ಲಿ ಮತ್ತೆ ಮತ್ತೆ ನಡೆಯುತ್ತಿರುವುದರಿಂದ ಒಂದು ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಹುಡುಗನ ಮತ್ತು ಅವನ ಹೆತ್ತವರ ಒಪ್ಪಿಗೆ ಪಡೆದಿದ್ದೇನೆ.

ಹುಡುಗನಿಗೆ 15 ವರ್ಷ. ಚಿಕ್ಕಂದಿನಿಂದ ದುಂಡಗಿದ್ದ. ಮನೆಯಲ್ಲಿ, ಶಾಲೆಯಲ್ಲಿ ಅವನನ್ನು ‘ಡುಮ್ಮ’ ಎಂದೇ ಕರೆಯುತ್ತಿದ್ದರು. 14ನೇ ವಯಸ್ಸಿನಲ್ಲಿ ಅವನು ಸರಸರನೆ ಎತ್ತರವಾದ. ಗಂಡುಮಕ್ಕಳ ಬೆಳವಣಿಗೆಯ ವೇಗ ಸಾಮಾನ್ಯವಾಗಿ ಆ ವಯಸ್ಸಿನ ಆಸುಪಾಸಿನಲ್ಲೇ ಅತಿ ಹೆಚ್ಚಿರುತ್ತದೆ. ಒಂದೇ ವರ್ಷದಲ್ಲಿ ಎಂಟರಿಂದ ಹತ್ತು ಸೆಂಟಿಮೀಟರ್ ಬೆಳೆಯುವವರಿದ್ದಾರೆ. ಎತ್ತರ ಏರಿದಂತೆ ಅವನ ಮುಖ, ಹೊಟ್ಟೆ ತಾವಾಗಿಯೇ ಇಳಿದವು. ಅವನು ಏನನ್ನೂ ಮಾಡಿರಲಿಲ್ಲ, ಬೆಳೆದಿದ್ದ ಅಷ್ಟೇ. ಆದರೆ ಸುತ್ತಲಿನವರು ಅವನೇನೋ ಸಾಧಿಸಿದನೆಂಬಂತೆ ಹೊಗಳತೊಡಗಿದರು. ಅದಾದ ಕೆಲವೇ ತಿಂಗಳಲ್ಲಿ ಅವನು ಊಟ ಬಿಡತೊಡಗಿದ.

ತಾಯಿ ಅವನನ್ನು ನನ್ನ ಬಳಿಗೆ ಕರೆತಂದದ್ದು ‘ಸಿಡುಕುತನ, ಓದಿನಲ್ಲಿ ಗಮನವಿಲ್ಲ’ ಎಂಬ ಕಾರಣಕ್ಕೆ. ಊಟದ ವಿಷಯ ಮಾತಿನ ನಡುವೆ ಬಂತು. ತೂಕ ಇಳಿದಿಲ್ಲವಲ್ಲ ಎಂದು ಅವರು ಧೈರ್ಯವಾಗಿದ್ದರು. ನನಗೆ ಆತಂಕವಾದದ್ದು ಅದರಿಂದಲೇ. ಬೆಳೆಯುವ ವಯಸ್ಸಿನಲ್ಲಿ ತೂಕ ಏರುತ್ತಿರಬೇಕು. ಎತ್ತರ ಹೆಚ್ಚುತ್ತಿದ್ದು ತೂಕ ತಿಂಗಳುಗಟ್ಟಲೆ ನಿಂತಲ್ಲೇ ನಿಂತರೆ ಅದನ್ನು ಇಳಿಕೆಯೆಂದೇ ಎಣಿಸಬೇಕು. ಊಟ ಬಿಡುವ ಹೆಣ್ಣುಮಕ್ಕಳಲ್ಲಿ ಮುಟ್ಟು ನಿಂತಾಗ ಮನೆಯವರು ಎಚ್ಚೆತ್ತುಕೊಳ್ಳುತ್ತಾರೆ. ಹುಡುಗರಲ್ಲಿ ಅಂಥ ಸೂಚನೆ ಇಲ್ಲದ ಕಾರಣ ಎಷ್ಟೋ ಪ್ರಕರಣಗಳು ತಡವಾಗಿ ಗೊತ್ತಾಗುತ್ತವೆ. ಮಾತುಕತೆ ಮುಂದುವರಿಸುವ ಮೊದಲು ಮಕ್ಕಳ ವೈದ್ಯರ ಬಳಿಗೆ ಕಳುಹಿಸಿದೆ. ಎಚ್ಚರವಿದ್ದು ವಿಶ್ರಾಂತಿಯಲ್ಲಿರುವಾಗಲೂ ನಾಡಿಮಿಡಿತ ನಿಮಿಷಕ್ಕೆ 50ಕ್ಕಿಂತ ಕಡಿಮೆಯಿದ್ದರೆ, ಎದ್ದು ನಿಂತಾಗ ತಲೆ ಸುತ್ತಿ ಬೀಳುವಂತಾದರೆ ಆಸ್ಪತ್ರೆಗೆ ಸೇರಿಸಬೇಕಾದೀತು. ಅವನ ನಾಡಿ ನಿಧಾನವಾಗಿತ್ತು, ಆದರೆ ಆ ಮಟ್ಟಕ್ಕೆ ಇಳಿದಿರಲಿಲ್ಲ.

ಒಂದು ಕೆಲಸ ಕೊಟ್ಟೆ. ಒಂದು ವಾರ ತನ್ನ ಮೈಯ ಬಗ್ಗೆ ಯಾರು ಏನು ಹೇಳಿದರೂ ಬರೆದಿಡಬೇಕು. ಯಾರು ಹೇಳಿದರು, ಏನು ಹೇಳಿದರು, ಆಮೇಲಿನ ಕೆಲವು ಗಂಟೆಗಳಲ್ಲಿ ತಾನು ಏನು ಮಾಡಿದೆ ಎಂದು ಮೂರು ಕಾಲಂ. ನನಗೆ ಮುಖ್ಯವಾದದ್ದು ಮೂರನೆಯದು. ಮಾತು ಮನಸ್ಸನ್ನು ನೋಯಿಸಿತೇ ಎಂದು ಕೇಳಿದರೆ ಈ ವಯಸ್ಸಿನವರು ‘ಏನಿಲ್ಲ’ ಎಂದು ಮುಗಿಸಿಬಿಡುತ್ತಾರೆ. ಆಮೇಲೆ ಏನು ಮಾಡಿದೆ ಎಂದರೆ ಇದ್ದದ್ದನ್ನು ಹೇಳುತ್ತಾರೆ.

ಮುಂದಿನ ಭೇಟಿಗೆ ಎರಡು ಪುಟ ತುಂಬಿಸಿ ತಂದಿದ್ದ. ಹೀಯಾಳಿಕೆ ತೀರಾ ಕಡಿಮೆ. ‘ಅತ್ತೆ: ಈಗ ನೋಡು, ಎಷ್ಟು ಚೆನ್ನಾಗಿ ಕಾಣುತ್ತೀಯ. ರಾತ್ರಿ ಊಟ ಬಿಟ್ಟೆ.’ ‘ಗೆಳೆಯ: ಗುರುತೇ ಸಿಗಲಿಲ್ಲ ಕಣೋ. ಕನ್ನಡಿ ಮುಂದೆ ನಿಂತು ಹೊಟ್ಟೆ ಹಿಡಿದು ನೋಡಿದೆ, ಟೇಪಿನಿಂದ ಸೊಂಟ ಅಳೆದೆ.’ ‘ಅಪ್ಪ: ಹೀಗೇ ಇಟ್ಟುಕೋ. ಬೆಳಿಗ್ಗೆ ತಿಂಡಿ ಬಿಟ್ಟೆ.’

ಪುಟವನ್ನು ಅವನ ಕಡೆಗೇ ತಿರುಗಿಸಿ, “ಒಳ್ಳೆಯ ಮಾತು ಕೇಳಿದ ಮೇಲೂ ಊಟ ಬಿಟ್ಟಿದ್ದೀಯಲ್ಲ, ಯಾಕಿರಬಹುದು?” ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ನಾನೂ ಆತುರಪಡಿಸಲಿಲ್ಲ.

“ಮೇಡಂ, ಮೊದಲು ನಾನು ಫೇಲ್ ಆಗುತ್ತಿದ್ದೆ. ಈಗ ಪಾಸ್ ಆಗುತ್ತಿದ್ದೇನೆ. ಆದರೆ ಪರೀಕ್ಷೆ ಮುಗಿದೇ ಇಲ್ಲ. ಎಲ್ಲರೂ ದಿನಾ ನೋಡುತ್ತಿದ್ದಾರೆ” ಎಂದ. ಸ್ವಲ್ಪ ತಡೆದು, “ಡುಮ್ಮ ಅನ್ನುವಾಗ ಹೆದರಿಕೆ ಇರಲಿಲ್ಲ, ಬೇಜಾರಷ್ಟೇ ಇತ್ತು. ಈಗ ಹೆದರಿಕೆ” ಎಂದು ಸೇರಿಸಿದ.

ಈ ವಿವರಣೆಯಲ್ಲಿ ನಾನು ತಿದ್ದುವಂಥದ್ದು ಏನೂ ಇರಲಿಲ್ಲ. ಹೊಗಳಿದವರು ಒಳ್ಳೆಯ ಮನಸ್ಸಿನಿಂದಲೇ ಹೊಗಳಿದ್ದರು. ಹುಡುಗನಿಗೆ ತಲುಪಿದ್ದು ಬೇರೆ: ನಿನ್ನ ಮೈಯನ್ನು ನಾವು ಗಮನಿಸುತ್ತಿದ್ದೇವೆ, ಹಿಂದಿನ ಮೈ ನಮಗೆ ಇಷ್ಟವಿರಲಿಲ್ಲ, ಇದು ಹೋದರೆ ಈ ಮೆಚ್ಚುಗೆಯೂ ಹೋಗುತ್ತದೆ. ಅದೂ ತಾನಾಗಿ ಬಂದ ಬದಲಾವಣೆ, ಹೇಗೆ ಬಂತೆಂದೇ ಅವನಿಗೆ ತಿಳಿಯದು. ಅದನ್ನು ಕಾಪಾಡಿಕೊಳ್ಳಲು ಅವನಿಗೆ ಹೊಳೆದ ದಾರಿ ಊಟ ಬಿಡುವುದೊಂದೇ.

ಹೆತ್ತವರಿಗೆ ಕೊಟ್ಟ ಸಲಹೆ ಹೀಗಿತ್ತು. ಮನೆಯಲ್ಲಿ ಯಾರ ಮೈಯ ಬಗ್ಗೆಯೂ ಮಾತು ಬೇಡ. ಅವನದ್ದಷ್ಟೇ ಅಲ್ಲ, ತಾಯಿ ತನ್ನ ಹೊಟ್ಟೆಯ ಬಗ್ಗೆ ಗೊಣಗುವುದೂ ಬೇಡ, ಟಿವಿಯಲ್ಲಿ ಕಂಡವರ ಗಾತ್ರವನ್ನು ಆಡಿಕೊಳ್ಳುವುದೂ ಬೇಡ. ನೆಂಟರು ಶುರುಮಾಡಿದರೆ ತಡೆಯುವುದು ತಂದೆತಾಯಿಯ ಕೆಲಸ. ಉತ್ತರ ಕೊಡುವ ಹೊರೆಯನ್ನು ಹುಡುಗನ ಮೇಲೆ ಹಾಕಬಾರದು. ಟೇಪು, ತೂಕದ ಯಂತ್ರ ಎರಡೂ ಮನೆಯಿಂದ ಹೊರಗೆ. ತೂಕ ನೋಡುವುದು ವೈದ್ಯರ ಬಳಿ ಮಾತ್ರ. ದಿನಕ್ಕೆ ಮೂರು ಊಟ, ನಡುವೆ ಎರಡು ಸಲ ಲಘು ತಿನಿಸು, ನಾಲ್ಕು ಗಂಟೆಗಿಂತ ಹೆಚ್ಚು ಬಿಡುವಿಲ್ಲದಂತೆ. ಹಸಿವಾಗಿಲ್ಲ ಎಂದರೂ ಗಂಟೆಗೆ ಸರಿಯಾಗಿ, ಮನೆಯವರಲ್ಲಿ ಒಬ್ಬರು ಜೊತೆಗೆ ಕುಳಿತು.

ತಂದೆ ಇದಕ್ಕೆ ಒಪ್ಪಲಿಲ್ಲ. “ಅವನಿಗೆ ಆಹಾರದ ಮೇಲೆ ಆಸೆ ಇದೆ ಮೇಡಂ, ಮೊಬೈಲಿನಲ್ಲಿ ಯಾವಾಗಲೂ ಅಡುಗೆ ವಿಡಿಯೊಗಳನ್ನೇ ನೋಡುತ್ತಾನೆ. ಬಿಟ್ಟರೆ ತಾನೇ ತಿನ್ನುತ್ತಾನೆ” ಎಂದರು. ಅವರಿಗೆ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1944–45ರಲ್ಲಿ ನಡೆದ ಪ್ರಯೋಗವನ್ನು ವಿವರಿಸಿದೆ. ಆರೋಗ್ಯವಂತರಾದ 36 ಮಂದಿ ಯುವಕರು ತಾವಾಗಿ ಒಪ್ಪಿ ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ದಿನ ಕಳೆದಂತೆ ಅವರಿಗೆ ಊಟದ್ದೇ ಯೋಚನೆಯಾಯಿತು, ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು. ಸಿಡುಕು ಹೆಚ್ಚಿತು, ಯಾವುದರಲ್ಲೂ ಗಮನ ನಿಲ್ಲದಾಯಿತು. ಹುಡುಗನ ವಿಡಿಯೊಗಳು, ಸಿಡುಕು, ಓದಿನ ಸಮಸ್ಯೆ ಎಲ್ಲವೂ ಹಸಿವಿನ ಲಕ್ಷಣಗಳು ಎಂದಾಗ ತಂದೆ ಊಟದ ನಿಯಮಕ್ಕೆ ಒಪ್ಪಿದರು. ಹೊಗಳಿಕೆಯ ವಿಷಯ ಮಾತ್ರ ಉಳಿಯಿತು. “ಮಗನಿಗೆ ಚೆನ್ನಾಗಿದ್ದೀಯ ಅಂತ ಹೇಳುವುದೂ ತಪ್ಪೇ? ಆತ್ಮವಿಶ್ವಾಸ ಬರುವುದಾದರೂ ಹೇಗೆ?”

ನನ್ನ ಸಲಹೆ ಕಠೋರ ಎನಿಸಬಹುದೆಂದು ಗೊತ್ತು. ಆದರೂ ಅದರಿಂದ ಹಿಂದೆ ಸರಿಯಲಾರೆ. ಈ ಹುಡುಗ ದಿನಕ್ಕೆ ಹಲವು ಸಲ ತಾಯಿಯನ್ನು “ನಾನು ದಪ್ಪಗಾದೆನಾ?” ಎಂದು ಕೇಳುತ್ತಿದ್ದ. ತಾಯಿ “ಇಲ್ಲಪ್ಪ, ಸಣ್ಣಗಿದ್ದೀಯ” ಎಂದರೆ ಹತ್ತು ನಿಮಿಷ ಸಮಾಧಾನ, ಮತ್ತೆ ಅದೇ ಪ್ರಶ್ನೆ. ಸಮಾಧಾನದ ಪ್ರತಿ ಉತ್ತರವೂ ದಪ್ಪಗಾಗುವುದು ಹೆದರಬೇಕಾದ ಸಂಗತಿಯೇ ಎಂದು ಒಪ್ಪಿಕೊಂಡಂತಾಗುತ್ತದೆ. ಅದಕ್ಕೇ ತಾಯಿಗೆ ಬೇರೆ ಉತ್ತರ ಕಲಿಸಿದೆ: “ಆ ಯೋಚನೆ ಮತ್ತೆ ಬಂತಾ? ನಿನಗೆ ಕಷ್ಟವಾಗುತ್ತಿದೆ ಅಂತ ಗೊತ್ತಾಗುತ್ತಿದೆ. ಮೈಯ ಬಗ್ಗೆ ನಾನು ಉತ್ತರ ಕೊಡುವುದಿಲ್ಲ, ನಿನ್ನ ಜೊತೆ ಕೂರುತ್ತೇನೆ.” ಮೊದಲ ದಿನಗಳಲ್ಲಿ ಅವನು ಕೂಗಾಡಿದ, ಪ್ರಶ್ನೆ ಹೆಚ್ಚಾಯಿತು. ಹೀಗಾಗುತ್ತದೆಂದು ಮೊದಲೇ ಹೇಳಿದ್ದರಿಂದ ತಾಯಿ ಧೃತಿಗೆಡಲಿಲ್ಲ. ಮೂರನೆಯ ವಾರದ ಹೊತ್ತಿಗೆ ಪ್ರಶ್ನೆ ದಿನಕ್ಕೊಮ್ಮೆಗೆ ಇಳಿದಿತ್ತು.

ತಂದೆಯ ಪ್ರಶ್ನೆಗೆ ನಾನು ಹೇಳಿದ್ದು ಇಷ್ಟು: ಅವನು ಮಾಡಿದ್ದನ್ನು ಹೊಗಳಿ. ತಂಗಿಗೆ ಲೆಕ್ಕ ಹೇಳಿಕೊಟ್ಟದ್ದನ್ನು, ಕೆಟ್ಟ ಸೈಕಲನ್ನು ತಾನೇ ಸರಿಮಾಡಿದ್ದನ್ನು. ಅವನಿಂದಾಗದ ಬದಲಾವಣೆಗೆ ಅಂಕ ಕೊಡಬೇಡಿ.

ಎರಡು ತಿಂಗಳಲ್ಲಿ ತೂಕ ಮತ್ತೆ ಏರತೊಡಗಿತು. ಅತ್ತೆ ಒಮ್ಮೆ ಬಂದಾಗ “ಮುಖ ಮತ್ತೆ ತುಂಬಿಕೊಂಡಿದೆಯಲ್ಲ” ಎಂದುಬಿಟ್ಟರು. ಅವನು ಎರಡು ದಿನ ಊಟ ಬಿಟ್ಟ. ಈ ಬಾರಿ ತಂದೆಯೇ ಅತ್ತೆಗೆ ಫೋನ್ ಮಾಡಿ, ಇನ್ನು ಮುಂದೆ ಹುಡುಗನ ಮೈಯ ಮಾತೆತ್ತಬೇಡಿ ಎಂದು ನೇರವಾಗಿ ಹೇಳಿದರು. ಅತ್ತೆ ಬೇಸರ ಮಾಡಿಕೊಂಡಿದ್ದಾರೆ. ಈ ನಿಯಮ ಎಷ್ಟು ದಿನ ಎಂದು ತಂದೆ ಈಗಲೂ ಕೇಳುತ್ತಾರೆ. ಅವನ ಬೆಳವಣಿಗೆ ಮುಗಿಯುವವರೆಗಾದರೂ ಇರಲಿ, ಆಮೇಲೆ ಬೇಕೇ ಎಂದು ಅವನನ್ನೇ ಕೇಳೋಣ ಎಂದಿದ್ದೇನೆ.